ಗ್ರೂಪ್ ಫೋಟೋದಲ್ಲಿ ಇಲ್ಲದವರಿಗೆ ಜಾಗ

ಹೊಸ ಮನೆಯ ಗೃಹಪ್ರವೇಶ. ಅಂಗಳದಲ್ಲಿ ಕುರ್ಚಿ ಹಾಕಿ ಹಿರಿಯರನ್ನು ಕೂರಿಸಿ, ಹಿಂದೆ ಮಕ್ಕಳು ಸೊಸೆಯಂದಿರನ್ನು ನಿಲ್ಲಿಸಿ ಗ್ರೂಪ್ ಫೋಟೋ ತೆಗೆದಾಗಿದೆ. ಆದರೆ ಹಿರಿಮಗ ಟೊರಾಂಟೊದಲ್ಲಿದ್ದಾನೆ, ರಜೆ ಸಿಗಲಿಲ್ಲ. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ತೂಗು ಹಾಕುವುದಕ್ಕೆ ಮೊದಲು ತಾಯಿಗೆ ಒಂದೇ ಆಸೆ: ಅವನೂ ಅದರಲ್ಲಿರಬೇಕು. ಮಗ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಸಿ ಕಳಿಸುತ್ತಾನೆ. ಅದು ಸ್ಟುಡಿಯೋಕ್ಕೆ ಬರುತ್ತದೆ. ಇಂಥ ಕೋರಿಕೆ ಬಾರದ ಸ್ಟುಡಿಯೋ ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ.

ಕೆಲಸ ಮಾಡುವವರು ಮಗನ ಆಕೃತಿಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸುತ್ತಾರೆ, ಬಣ್ಣ ಹೊಂದಿಸುತ್ತಾರೆ, ಕಾಲಡಿ ಒಂದು ನೆರಳನ್ನೂ ಹಾಕುತ್ತಾರೆ. ಇಷ್ಟೆಲ್ಲ ಆದರೂ ಫೋಟೋ ಕೈಗೆ ಬಂದಾಗ ಮನೆಯವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ “ಏನೋ ಅಂಟಿಸಿದ ಹಾಗಿದೆಯಲ್ಲ” ಎನ್ನುತ್ತಾರೆ. ಏನು ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ. ಅಂಚು ಸರಿಯಿದೆ, ಬಣ್ಣ ಸರಿಯಿದೆ. ಕಾರಣ ಬೇರೆಲ್ಲೋ ಇದೆ. ಅಂಗಳದವರನ್ನು ಕ್ಯಾಮೆರಾ ಒಂದು ಜಾಗದಿಂದ ನೋಡಿತ್ತು, ಮಗನನ್ನು ಇನ್ನೊಂದು ಜಾಗದಿಂದ ನೋಡಿತ್ತು. ಎರಡು ನೋಟಗಳು ಒಂದೇ ಚೌಕಟ್ಟಿನೊಳಗೆ ಸಿಕ್ಕಿಹಾಕಿಕೊಂಡಿವೆ.

ಎರಡು ಫೋಟೋಗಳ ನಡುವೆ ಸಾಮಾನ್ಯವಾಗಿ ನಾಲ್ಕು ವ್ಯತ್ಯಾಸಗಳಿರುತ್ತವೆ. ಲೆನ್ಸ್ ಬೇರೆ, ಕ್ಯಾಮೆರಾ ಬಾಗಿದ ರೀತಿ ಬೇರೆ, ವ್ಯಕ್ತಿಯಿಂದ ಕ್ಯಾಮೆರಾಕ್ಕೆ ಇದ್ದ ದೂರ ಬೇರೆ, ನೆಲದಿಂದ ಅದರ ಎತ್ತರ ಬೇರೆ. ಇವುಗಳಲ್ಲಿ ಮೊದಲ ಎರಡನ್ನು ಕಂಪ್ಯೂಟರ್‌ನಲ್ಲಿ ಕೂತು ಸರಿಪಡಿಸಬಹುದು. ಕೊನೆಯ ಎರಡನ್ನು ಸರಿಪಡಿಸಲು ಆಗುವುದಿಲ್ಲ. ಈ ಭೇದ ತಿಳಿಯದೆ ಕೂತವರು ಲೆನ್ಸ್‌ ಬಗ್ಗೆ ತಲೆ ಕೆಡಿಸಿಕೊಂಡು ಗಂಟೆಗಟ್ಟಲೆ ಕಳೆಯುತ್ತಾರೆ, ಕೈಮೀರಿದ ದೋಷವನ್ನು ಎಳೆದು ಜಗ್ಗಿ ಸರಿ ಮಾಡಲು ನೋಡುತ್ತಾರೆ.

ಲೆನ್ಸ್‌ ಬಗ್ಗೆ ಇರುವ ನಂಬಿಕೆಯನ್ನು ಮೊದಲು ಸಡಿಲಿಸಬೇಕು. ವೈಡ್ ಲೆನ್ಸ್ ಮುಖವನ್ನು ಉಬ್ಬಿಸುತ್ತದೆ, ಟೆಲಿ ಲೆನ್ಸ್ ಚಪ್ಪಟೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಮಾಡುವುದು ಲೆನ್ಸ್ ಅಲ್ಲ, ದೂರ. ಒಂದೇ ಜಾಗದಲ್ಲಿ ನಿಂತು ಮೊಬೈಲ್‌ನ ಮಾಮೂಲಿ ಲೆನ್ಸ್‌ನಲ್ಲಿ ಒಂದು, ಝೂಮ್ ಲೆನ್ಸ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಮೊದಲನೆಯದರ ನಡುಭಾಗವನ್ನು ಕ್ರಾಪ್ ಮಾಡಿ ಎರಡನೆಯದರ ಪಕ್ಕದಲ್ಲಿಡಿ. ಮೂಗು ಎಷ್ಟು ದೊಡ್ಡದು, ಹಿಂದಿನ ಬಾಗಿಲು ಎಷ್ಟು ಚಿಕ್ಕದು, ಯಾರು ಯಾರನ್ನು ಎಷ್ಟು ಮರೆಮಾಡಿದ್ದಾರೆ ಎಂಬುದೆಲ್ಲ ಎರಡರಲ್ಲೂ ಒಂದೇ. ಮೊದಲನೆಯದು ತುಸು ಮಸುಕಾಗಿರಬಹುದು, ಅಷ್ಟೇ. ವೈಡ್ ಲೆನ್ಸ್ ಇದ್ದಾಗ ಚೌಕಟ್ಟು ತುಂಬಿಸಲು ನಾವೇ ಹತ್ತಿರ ಹೋಗುತ್ತೇವೆ. ಹತ್ತಿರ ಹೋದದ್ದರಿಂದ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. 2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸರ್ಜನ್ ಬೋರಿಸ್ ಪಾಸ್ಕೋವರ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ ತೋರಿಸಿದರು. 5 ಅಡಿ ದೂರದಿಂದ ಕಾಣುವುದಕ್ಕಿಂತ 12 ಇಂಚು ದೂರದ ಸೆಲ್ಫಿಯಲ್ಲಿ ಗಂಡಸರ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ಸಣ್ಣ ಮಾಡಿಸಿಕೊಳ್ಳಬೇಕೆಂದು ಸೆಲ್ಫಿ ಹಿಡಿದು ಬರುತ್ತಿದ್ದವರಿಗೆ ಉತ್ತರ ಕೊಡಬೇಕಾಗಿ ಬಂದು ಅವರು ಈ ಲೆಕ್ಕಕ್ಕೆ ಇಳಿದದ್ದು.

ಹಾಗಾಗಿ ಗ್ರೂಪ್ ಫೋಟೋವನ್ನು 50 ಎಂಎಂ ಲೆನ್ಸ್‌ನಲ್ಲಿ ತೆಗೆದಿದ್ದು, ಮಗನ ಫೋಟೋ ಮೊಬೈಲ್‌ನ 26 ಎಂಎಂಗೆ ಸಮನಾದ ಲೆನ್ಸ್‌ನಲ್ಲಿ ಬಂದಿದ್ದರೆ ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಲೆನ್ಸ್ ವ್ಯತ್ಯಾಸವೆಂದರೆ ಹಿಗ್ಗಿಸುವ ಕುಗ್ಗಿಸುವ ವ್ಯತ್ಯಾಸ. ಕೇಳಬೇಕಾದ ಪ್ರಶ್ನೆ, ಆ ಲೆನ್ಸ್ ಹಿಡಿದವರು ಎಷ್ಟು ದೂರ ನಿಂತಿದ್ದರು ಎಂಬುದು.

ಮೊದಲು ಅಳತೆಯ ವಿಷಯ. ಮಗನನ್ನು ಎಷ್ಟು ದೊಡ್ಡದಾಗಿ ಕೂರಿಸಬೇಕು? ಹೆಚ್ಚಿನವರು ಪಕ್ಕದ ತಮ್ಮನ ತಲೆಗೆ ಇವನ ತಲೆಯನ್ನು ಹೋಲಿಸಿ ಕಣ್ಣಳತೆಯಲ್ಲಿ ಹೊಂದಿಸುತ್ತಾರೆ. ಇದಕ್ಕಿಂತ ನಂಬಬಹುದಾದ ದಾರಿಯೊಂದಿದೆ, ಅದು ದಿಗಂತ ರೇಖೆ.

ಸಮತಟ್ಟಾದ ಬಯಲಿನಲ್ಲಿ ನಿಂತರೆ ನೆಲ ಮತ್ತು ಆಕಾಶ ಕೂಡುವ ಗೆರೆ ನಮ್ಮ ಕಣ್ಣಿನ ಮಟ್ಟಕ್ಕೇ ಕಾಣುತ್ತದೆ. ಕ್ಯಾಮೆರಾಕ್ಕೂ ಅಷ್ಟೇ, ದಿಗಂತವೆಂದರೆ ಲೆನ್ಸಿನ ಎತ್ತರ. ಕ್ಯಾಮೆರಾ ನೆಲದಿಂದ 1.4 ಮೀಟರ್ ಎತ್ತರದಲ್ಲಿದ್ದರೆ, ಅದೇ ನೆಲದ ಮೇಲೆ ಎಲ್ಲೇ ಯಾರೇ ನಿಂತಿರಲಿ, ದಿಗಂತ ರೇಖೆ ಅವರನ್ನು ಪಾದದಿಂದ 1.4 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಹತ್ತಿರ ನಿಂತವರು ದೊಡ್ಡದಾಗಿ, ದೂರ ನಿಂತವರು ಚಿಕ್ಕದಾಗಿ ಕಂಡರೂ ಗೆರೆ ಎಲ್ಲರ ಮೈಮೇಲೂ ಒಂದೇ ಮಟ್ಟದಲ್ಲಿರುತ್ತದೆ. ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಚಿತ್ರಕಾರರಿಗೆ ಹೇಳಿದ್ದೂ ಇದೇ ತಿಳಿವಳಿಕೆಯನ್ನು. ಗೆರೆಗಳೆಲ್ಲ ಹೋಗಿ ಸೇರುವ ಬಿಂದುವನ್ನು ಚಿತ್ರದಲ್ಲಿರುವ ಮನುಷ್ಯನ ಎತ್ತರಕ್ಕಿಂತ ಮೇಲೆ ಇಡಬೇಡಿ, ಆಗ ನೋಡುವವರೂ ಚಿತ್ರದೊಳಗಿನವರೂ ಒಂದೇ ನೆಲದ ಮೇಲೆ ನಿಂತಂತೆ ಕಾಣುತ್ತಾರೆ ಎಂಬುದು ಅವನ ಮಾತಿನ ಸಾರ. ಕ್ಯಾಮೆರಾ ಹುಟ್ಟುವ ನಾಲ್ಕು ಶತಮಾನ ಮೊದಲೇ ಈ ಲೆಕ್ಕ ಸಿದ್ಧವಾಗಿತ್ತು.

ನಮ್ಮ ಅಂಗಳದ ಫೋಟೋದಲ್ಲಿ ಆಕಾಶವೂ ಬಯಲೂ ಕೂಡುವ ಗೆರೆ ಕಾಣುವುದಿಲ್ಲ, ಹಿಂದೆ ಮನೆಯಿದೆ. ಅಲ್ಲಿ ದಿಗಂತವನ್ನು ಹುಡುಕಿ ತೆಗೆಯಬೇಕು. ಕ್ಯಾಮೆರಾದಿಂದ ದೂರ ಸರಿಯುತ್ತ ಹೋಗುವ, ನೆಲಕ್ಕೆ ಸಮಾನಾಂತರವಾಗಿರುವ ಗೆರೆಗಳನ್ನು ಹಿಡಿಯಿರಿ. ಪಕ್ಕದ ಕಾಂಪೌಂಡ್ ಗೋಡೆಯ ಮೇಲಂಚು ಮತ್ತು ಬುಡ, ಅಂಗಳಕ್ಕೆ ಹಾಸಿದ ಟೈಲ್ಸ್‌ಗಳ ಸಾಲು, ಪಕ್ಕಕ್ಕೆ ಚಾಚಿದ ಜಗಲಿಯ ಅಂಚು, ಇವೆಲ್ಲ ಆಗುತ್ತವೆ. ಅವುಗಳ ಮೇಲೆ ಗೆರೆ ಎಳೆದು ಮುಂದುವರಿಸಿದರೆ ಒಂದು ಕಡೆ ಸೇರುತ್ತವೆ. ಆ ಬಿಂದುವಿನ ಮೂಲಕ ಅಡ್ಡವಾಗಿ ಎಳೆದ ಗೆರೆಯೇ ದಿಗಂತ. ಎರಡನೆಯ ಜೋಡಿ ಗೆರೆಗಳನ್ನೂ ಎಳೆದು, ಅವೂ ಅದೇ ಎತ್ತರದಲ್ಲಿ ಸೇರುತ್ತವೆಯೇ ಎಂದು ನೋಡಿಕೊಂಡರೆ ಧೈರ್ಯ ಬರುತ್ತದೆ. ಗೋಡೆಗೆ ನೇರ ಎದುರಾಗಿ ತೆಗೆದು, ಸರಿಯುವ ಗೆರೆ ಒಂದೂ ಇಲ್ಲದಿದ್ದರೆ ಫೋಟೋಗ್ರಾಫರ್‌ನನ್ನೇ ಕೇಳಬೇಕು, ಟ್ರೈಪಾಡ್ ಎಷ್ಟು ಎತ್ತರಕ್ಕಿತ್ತು ಎಂದು.

ಇಲ್ಲಿ ಟ್ರೈಪಾಡ್ 1.4 ಮೀಟರ್ ಎತ್ತರದಲ್ಲಿತ್ತು, ಹಿಂದಿನ ಸಾಲಿನಲ್ಲಿ ನಿಂತವರು ಕ್ಯಾಮೆರಾದಿಂದ ಏಳು ಮೀಟರ್ ಚಿಲ್ಲರೆ ದೂರದಲ್ಲಿದ್ದರು ಎಂದಿಟ್ಟುಕೊಳ್ಳೋಣ. ಗೆರೆ ಎಳೆದು ನೋಡಿದರೆ ದಿಗಂತ ಆ ಸಾಲಿನವರ ಭುಜದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಇನ್ನು ಮಗನ ಎತ್ತರ ತಾಯಿಗೆ ಗೊತ್ತು, 1.75 ಮೀಟರ್. 1.75ನ್ನು 1.4ರಿಂದ ಭಾಗಿಸಿದರೆ 1.25. ಅಂದರೆ ಈ ಅಂಗಳದಲ್ಲಿ ಅವನನ್ನು ಎಲ್ಲಿ ನಿಲ್ಲಿಸಿದರೂ, ಪಾದದಿಂದ ದಿಗಂತದವರೆಗಿನ ಅಂತರದ ಒಂದೂಕಾಲು ಪಟ್ಟು ಅವನ ಒಟ್ಟು ಎತ್ತರವಾಗಬೇಕು. ಹಿಂದಿನ ಸಾಲಿನ ಪಾದದ ಮಟ್ಟದಿಂದ ದಿಗಂತಕ್ಕೆ 1600 ಪಿಕ್ಸೆಲ್ ಇದ್ದರೆ ಮಗ 2000 ಪಿಕ್ಸೆಲ್. ಅವನನ್ನು ಮುಂದೆ ತಂದು, ಪಾದದಿಂದ ದಿಗಂತಕ್ಕೆ 2000 ಪಿಕ್ಸೆಲ್ ಇರುವ ಜಾಗದಲ್ಲಿ ನಿಲ್ಲಿಸಿದರೆ 2500. ಇದರಲ್ಲಿ ಲೆನ್ಸ್ ಯಾವುದು ಎಂಬ ಪ್ರಶ್ನೆಯೇ ಬರಲಿಲ್ಲ ಎಂಬುದನ್ನು ಗಮನಿಸಿ.

ಮೆಟ್ಟಿಲಿದ್ದ ಕಡೆ ಮಾತ್ರ ಎಚ್ಚರ ಬೇಕು. ಮಗನನ್ನು 30 ಸೆಂಟಿಮೀಟರ್ ಎತ್ತರದ ಜಗಲಿಯ ಮೇಲೆ ನಿಲ್ಲಿಸುವುದಾದರೆ ಅವನ ನೆಲವೇ ಮೇಲಕ್ಕೆ ಬಂತು. ದಿಗಂತ ಈಗ ಅವನ ಪಾದದಿಂದ 1.4ರ ಬದಲು 1.1 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಹೊಟ್ಟೆಯ ಮೇಲ್ಭಾಗದಲ್ಲಿ ಹಾಯುತ್ತದೆ. ಭಾಗಾಕಾರವೂ ಬದಲಾಗಿ ಸುಮಾರು 1.6 ಪಟ್ಟು ಆಗುತ್ತದೆ. ಜಗಲಿಯ ಮೇಲಿನವರಿಗೂ ಅಂಗಳದವರಿಗೂ ಒಂದೇ ಲೆಕ್ಕ ಹಿಡಿದು, ಒಂದು ಕಡೆಯವರನ್ನು ಕುಬ್ಜರನ್ನಾಗಿಸಿದ ಫೋಟೋಗಳನ್ನು ಎಷ್ಟೋ ಮದುವೆ ಆಲ್ಬಮ್‌ಗಳಲ್ಲಿ ನೋಡಬಹುದು.

ಇನ್ನು ಮಗನ ಫೋಟೋ. ಅವನ ಹೆಂಡತಿ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಅವನನ್ನು ನಿಲ್ಲಿಸಿ, ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದಿದ್ದಾಳೆ. ಜಾಗ ಇದ್ದದ್ದೇ ಅಷ್ಟು, ಇಬ್ಬರ ನಡುವೆ ಎರಡು ಮೀಟರ್. ಫೋನ್ ಇದ್ದದ್ದು ಅವಳ ಮುಖದ ಮಟ್ಟಕ್ಕೆ, ಸುಮಾರು 1.5 ಮೀಟರ್. ತಲೆಯಿಂದ ಕಾಲಿನವರೆಗೆ ಪೂರ್ತಿ ಬರಲಿ ಎಂದು ಫೋನನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿದ್ದಾಳೆ, ಹದಿನೈದು ಡಿಗ್ರಿಯಷ್ಟು. ಮನೆಯಲ್ಲಿ ಫೋಟೋ ತೆಗೆಯುವವರೆಲ್ಲ ಮಾಡುವುದು ಹೀಗೆಯೇ.

ಆ ಹದಿನೈದು ಡಿಗ್ರಿಯ ಪರಿಣಾಮ ದೊಡ್ಡದು. ಫೋನ್ ಬಾಗಿದಾಗ ತಲೆಯ ಭಾಗ ಅದಕ್ಕೆ ಹತ್ತಿರವಾಗುತ್ತದೆ, ಪಾದ ದೂರವಾಗುತ್ತದೆ. ಲೆಕ್ಕ ಹಾಕಿದರೆ ಪಾದದ ಹತ್ತಿರ ಒಂದು ಸೆಂಟಿಮೀಟರ್ ಎಷ್ಟು ದೊಡ್ಡದಾಗಿ ಮೂಡಿದೆಯೋ, ತಲೆಯ ಹತ್ತಿರ ಅದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ದೊಡ್ಡದಾಗಿ ಮೂಡಿರುತ್ತದೆ. ಮೇಲೆ ಅಗಲ, ಕೆಳಗೆ ಸಪುರ. ಹಿಂದಿನ ಬಾಗಿಲಿನ ಚೌಕಟ್ಟು ಕೆಳಗೆ ಕಿರಿದಾಗುತ್ತ ಹೋಗುವುದನ್ನು ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಇಂಥ ಫೋಟೋವನ್ನು ಹಾಗೇ ಕತ್ತರಿಸಿ, ತಲೆಯನ್ನು ತಮ್ಮನ ತಲೆಗೆ ಸರಿಹೊಂದಿಸಿದರೆ ಕಾಲು ಗಿಡ್ಡವಾಗಿ ಮಗ ಕುಳ್ಳಗಾಗುತ್ತಾನೆ. ಒಟ್ಟು ಎತ್ತರವನ್ನು ಸರಿಮಾಡಿದರೆ ತಲೆ ದಪ್ಪವಾಗುತ್ತದೆ. ಅಂಟಿಸಿದ ಹಾಗಿದೆ ಎಂದು ಮನೆಯವರಿಗೆ ಅನ್ನಿಸುವುದಕ್ಕೆ ಬಹುಪಾಲು ಸಲ ಇದೇ ಕಾರಣ.

ಸಮಾಧಾನದ ಸಂಗತಿ ಎಂದರೆ ಕ್ಯಾಮೆರಾ ಬಾಗಿದ್ದನ್ನು ಪೂರ್ತಿ ಬಿಡಿಸಬಹುದು. ಇದ್ದ ಜಾಗದಲ್ಲೇ ಕ್ಯಾಮೆರಾವನ್ನು ಮೇಲೆ ಕೆಳಗೆ ತಿರುಗಿಸಿದರೆ ಯಾವುದರ ಹಿಂದೆ ಯಾವುದು ಅಡಗಿದೆ ಎಂಬುದು ಬದಲಾಗುವುದಿಲ್ಲ, ಚಿತ್ರ ಎಳೆದುಕೊಂಡ ರೀತಿ ಮಾತ್ರ ಬದಲಾಗುತ್ತದೆ. ಆದ್ದರಿಂದ ಅದನ್ನು ವಾಪಸ್ಸು ಎಳೆಯಲು ಬರುತ್ತದೆ. ಫೋಟೋಶಾಪಿನ Camera Raw ಒಳಗೆ Geometry ಎಂಬಲ್ಲಿ Vertical ಎಂಬ ಸ್ಲೈಡರ್ ಇದೆ, ಗಿಂಪ್‌ನಲ್ಲಿ Perspective ಎಂಬ ಉಪಕರಣವಿದೆ. ಬಾಗಿಲಿನ ಎರಡೂ ನಿಲುಗಂಬಗಳು ಸಮಾನಾಂತರವಾಗಿ ನೆಟ್ಟಗೆ ನಿಲ್ಲುವವರೆಗೆ ತಿದ್ದಬೇಕು. ಹೀಗೆ ತಿದ್ದಿದಾಗ ಚಿತ್ರ ಉದ್ದುದ್ದ ಎಳೆದುಕೊಳ್ಳುವುದೋ ಕುಗ್ಗುವುದೋ ಉಂಟು. ಹಿಂದೆ ಕಾಣುವ ಬಾಗಿಲಿನ ನಿಜವಾದ ಉದ್ದಗಲ ಕೇಳಿ ತಿಳಿದುಕೊಂಡು Aspect ಸ್ಲೈಡರ್‌ನಿಂದ ಅದನ್ನು ಸರಿಪಡಿಸಬಹುದು. ಅದೂ ತಿಳಿಯದಿದ್ದರೆ ಮೈಯ ಅಳತೆಯೇ ಆಧಾರ. ಬೆಳೆದ ಮನುಷ್ಯನ ಎತ್ತರ ಅವನ ತಲೆಯ ಏಳರಿಂದ ಏಳೂವರೆ ಪಟ್ಟು ಇರುತ್ತದೆ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಇಡೀ ಫೋಟೋವನ್ನು ಮೊದಲು ತಿದ್ದಿ, ಆಮೇಲೆ ಮಗನನ್ನು ಕತ್ತರಿಸಬೇಕು. ಕತ್ತರಿಸಿದ ಮೇಲೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ಎಷ್ಟು ಬಾಗಿತ್ತು ಎಂದು ತಿಳಿಯಲು ಏನೂ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಕಳಿಸುವವರು ಕ್ರಾಪ್ ಮಾಡದೆ ಕಳಿಸಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಲ್ಲದೆ, ಯಾವ ಲೆನ್ಸ್ ಎಂದು ಫೈಲಿನೊಳಗೆ ಬರೆದಿರುವ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ.

ಆ ಮಾಹಿತಿ ಸಿಕ್ಕಿತೆಂದರೆ ಕ್ಯಾಮೆರಾ ಎಷ್ಟು ದೂರ ಇತ್ತೆಂದೂ ಅಂದಾಜು ಮಾಡಬಹುದು. 26 ಎಂಎಂಗೆ ಸಮನಾದ ಮೊಬೈಲ್ ಲೆನ್ಸ್‌ನಲ್ಲಿ, ಉದ್ದಕ್ಕೆ ಹಿಡಿದ ಫೋಟೋದಲ್ಲಿ, ಮಗ ಚೌಕಟ್ಟಿನ ಎತ್ತರದ ಐದರಲ್ಲಿ ಮೂರು ಭಾಗ ತುಂಬಿದ್ದಾನೆ ಎಂದರೆ ಫೋನ್ ಎರಡು ಮೀಟರ್ ಆಸುಪಾಸಿನಲ್ಲಿತ್ತು ಎಂದೇ ಅರ್ಥ. ಅದರ ಅರ್ಧದಷ್ಟು ಮಾತ್ರ ತುಂಬಿದ್ದರೆ ಹೆಚ್ಚುಕಡಿಮೆ ಎರಡರಷ್ಟು ದೂರ.

ಇಷ್ಟಾದ ಮೇಲೆ ಲೆನ್ಸಿನ ವ್ಯತ್ಯಾಸ ಹೋಯಿತು, ಬಾಗಿದ್ದು ಹೋಯಿತು, ಅಳತೆಯೂ ಕೂತಿತು. ಈಗ ಮಗನನ್ನು ಅಂಗಳದ ಒಂದು ತುದಿಯಲ್ಲಿ, ಪೂರ್ತಿ ಕಾಲು ಕಾಣುವಂತೆ ನಿಲ್ಲಿಸಿ ನೋಡಿ. ಇನ್ನೂ ಸರಿಯಾಗಿಲ್ಲ. ಪಾದಗಳನ್ನು ನೋಡಿ. ಟೊರಾಂಟೊದ ಹಾಲ್‌ನಲ್ಲಿ ಫೋನ್ ಅವನ ಪಾದವನ್ನು ಎರಡು ಮೀಟರ್ ದೂರದಿಂದ, ಒಂದೂವರೆ ಮೀಟರ್ ಎತ್ತರದಿಂದ ನೋಡಿತ್ತು, ಅಂದರೆ 37 ಡಿಗ್ರಿ ಇಳಿಜಾರಾಗಿ. ಅಂಗಳದ ಕ್ಯಾಮೆರಾ ಉಳಿದವರ ಪಾದಗಳನ್ನು ನೋಡಿದ್ದು 11 ಡಿಗ್ರಿಯಲ್ಲಿ. ಕ್ಯಾಮೆರಾದತ್ತ ಮುಖಮಾಡಿದ, 25 ಸೆಂಟಿಮೀಟರ್ ಉದ್ದದ ಪಾದ ಅಂಗಳದ ಫೋಟೋದಲ್ಲಿ ಆ ವ್ಯಕ್ತಿಯ ಎತ್ತರದ ಅಳತೆಯಲ್ಲಿ ಸುಮಾರು 5 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಮಗನ ಫೋಟೋದಲ್ಲಿ ಅದೇ ಪಾದ ಹಿಡಿಯುವುದು ಹತ್ತಿರಹತ್ತಿರ 20 ಸೆಂಟಿಮೀಟರ್. ಎಲ್ಲರ ಚಪ್ಪಲಿಯ ಮೂತಿ ಮಾತ್ರ ಕಾಣುವ ಸಾಲಿನಲ್ಲಿ ಇವನೊಬ್ಬನ ಶೂ ಲೇಸಿನ ಗಂಟೂ ಕಾಣುತ್ತದೆ. ಬಾಲೆರಿನಾದಂತೆ ಬೆರಳ ತುದಿಯ ಮೇಲೆ ನಿಂತಂತೆ, ಇಲ್ಲವೇ ಇಳಿಜಾರಿನಿಂದ ಜಾರುತ್ತಿರುವಂತೆ ತೋರುತ್ತದೆ.

ಬಟ್ಟೆಯ ಅಂಚುಗಳಲ್ಲೂ ಇದೇ ಕಥೆ. ಪಂಚೆಯ ಕೆಳಅಂಚು, ಸೀರೆಯ ಅಂಚು, ಪ್ಯಾಂಟಿನ ತುದಿ, ಜುಬ್ಬಾದ ಕೆಳಭಾಗ ಎಲ್ಲವೂ ಮೈಯನ್ನು ಸುತ್ತಿದ ಬಳೆಗಳು. ಕ್ಯಾಮೆರಾದ ಮಟ್ಟದಲ್ಲಿರುವ ಬಳೆ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಕೆಳಗಿರುವುದು ಕೆಳಮುಖವಾಗಿ ಬಾಗುತ್ತದೆ, ಹತ್ತಿರದಿಂದ ನೋಡಿದಷ್ಟೂ ಬಾಗು ಹೆಚ್ಚು. ಅಂಗಳದವರ ಪಂಚೆಯ ಅಂಚು ಹೆಚ್ಚುಕಡಿಮೆ ಚಪ್ಪಟೆಯಾಗಿದ್ದು ಮಗನದ್ದು ದೋಣಿಯ ತಳದಂತೆ ಬಾಗಿದ್ದರೆ, ಫೋಟೋ ನೋಡುವವರಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಕಣ್ಣು ತಾನೇ ಹಿಡಿಯುತ್ತದೆ.

ಇದನ್ನು ಯಾವ ಸ್ಲೈಡರೂ ತಿದ್ದುವುದಿಲ್ಲ. ಪಾದವನ್ನು ಅದುಮಿ ಚಪ್ಪಟೆ ಮಾಡಿದರೆ ಶೂವಿನ ಮೂತಿಯೂ ಚಪ್ಪಟೆಯಾಗುತ್ತದೆ. ಅಂಗಳದ ಕ್ಯಾಮೆರಾಕ್ಕೆ ಕಾಣಬೇಕಿದ್ದ ಶೂವಿನ ಮುಂಭಾಗ ಮಗನ ಫೋಟೋದಲ್ಲಿ ಅಷ್ಟಾಗಿ ದಾಖಲಾಗಿಯೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು?

ಆದರೆ ಅದೇ ಫೋಟೋದಲ್ಲಿ ಮುಖವನ್ನು ನೋಡಿ. ಮಗನ ಕಣ್ಣು ನೆಲದಿಂದ 1.64 ಮೀಟರ್ ಎತ್ತರದಲ್ಲಿದೆ ಎನ್ನಿ. 1.5 ಮೀಟರ್ ಎತ್ತರದ ಫೋನ್ ಎರಡು ಮೀಟರ್ ದೂರದಿಂದ ಅದನ್ನು ನಾಲ್ಕು ಡಿಗ್ರಿ ಕೆಳಗಿನಿಂದ ನೋಡಿದೆ. ಅಂಗಳದ ಕ್ಯಾಮೆರಾ ನೋಡುತ್ತಿದ್ದದ್ದು ಎರಡು ಡಿಗ್ರಿ ಕೆಳಗಿನಿಂದ. ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಹತ್ತಿರದಿಂದ ತೆಗೆದದ್ದರಿಂದ ಮೂಗು ಕಿವಿಗಿಂತ ಶೇಕಡಾ ಆರರಷ್ಟು ದೊಡ್ಡದಾಗಿ ಬಂದಿರುತ್ತದೆ, ಅಂಗಳದವರದ್ದು ಶೇಕಡಾ ಎರಡರಷ್ಟು. ಗ್ರೂಪ್ ಫೋಟೋದ ಅಳತೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಒಂದೇ ಫೋಟೋ, ಮೇಲಿನ ಅರ್ಧ ಅಂಗಳಕ್ಕೆ ಒಗ್ಗುತ್ತದೆ, ಕೆಳಗಿನ ಅರ್ಧ ಒಗ್ಗುವುದಿಲ್ಲ.

ಹಾಗಾಗಿ ಪರಿಹಾರವೂ ಅಂಗಳದಲ್ಲೇ ಸಿಗುತ್ತದೆ. ಮಗನನ್ನು ತುದಿಯಲ್ಲಿ ನಿಲ್ಲಿಸಬೇಡಿ, ಹಿಂದಿನ ಸಾಲಿನಲ್ಲಿ, ಕುರ್ಚಿಯಲ್ಲಿ ಕೂತ ತಾಯಿಯ ನೇರ ಹಿಂದೆ ನಿಲ್ಲಿಸಿ. ಕೂತವರ ತಲೆ ಅವನ ಎದೆಯ ಮಟ್ಟಕ್ಕೆ ಬರುತ್ತದೆ, ಪಾದ, ಪಂಚೆ, ಸುಳ್ಳು ಹೇಳುವ ಕೆಳಭಾಗವೆಲ್ಲ ತಾಯಿಯ ಹಿಂದೆ ಮರೆಯಾಗುತ್ತದೆ. ಪಕ್ಕದ ಕುರ್ಚಿಯ ಸಂದಿನಲ್ಲಿ ಕಾಲು ಇಣುಕದಂತೆ ನೋಡಿಕೊಳ್ಳಬೇಕು, ಅಷ್ಟೇ. ಕಾಲು ಕಾಣದಿದ್ದರೆ ಅಳೆಯುವುದು ಹೇಗೆ ಎಂದು ಕೇಳಬಹುದು. ಅದೇ ಸಾಲಿನ ಕೊನೆಯಲ್ಲಿ ನಿಂತವರ ಪಾದದಿಂದ ಅಡ್ಡಗೆರೆ ಎಳೆದು, ಮಗನ ಪಾದವೂ ಅದೇ ಗೆರೆಯ ಮೇಲಿರುವಂತೆ ಮೊದಲು ಪೂರ್ತಿ ಆಕೃತಿಯನ್ನು ನಿಲ್ಲಿಸಿ, 2000 ಪಿಕ್ಸೆಲ್‌ಗೆ ಅಳತೆ ಕೂರಿಸಿ. ಆಮೇಲೆ ಮುಂದಿನವರನ್ನು ಅವನ ಮೇಲೆ ತನ್ನಿ. ಕಾಣದ ಕಾಲನ್ನೂ ನೆಲಕ್ಕೆ ಊರಿಸಿಯೇ ಅಳೆಯಬೇಕು.

ಸಾಲಿನ ನಡುವಿನ ಜಾಗವನ್ನು ಆರಿಸುವುದಕ್ಕೆ ಇನ್ನೂ ಒಂದು ಕಾರಣವಿದೆ. ಗ್ರೂಪ್ ಫೋಟೋವನ್ನೇ ಮೊಬೈಲ್‌ನ ವೈಡ್ ಲೆನ್ಸ್‌ನಲ್ಲಿ ತೆಗೆದಿದ್ದರೆ ಅಂಚಿನಲ್ಲಿ ನಿಂತವರು ಅಡ್ಡಡ್ಡ ಎಳೆದುಕೊಂಡು ದಪ್ಪಗಾಗಿರುತ್ತಾರೆ. ನಡುವಿನಿಂದ 30 ಡಿಗ್ರಿ ಪಕ್ಕಕ್ಕೆ ಇರುವ ತಲೆ ಸುಮಾರು ಶೇಕಡಾ 15ರಷ್ಟು ಅಗಲವಾಗಿ ಮೂಡುತ್ತದೆ. ಇನ್ನೊಂದು ಫೋಟೋದ ನಡುಭಾಗದಿಂದ ಬಂದ ಮಗ ಆ ಅಂಚಿನಲ್ಲಿ ಬಡಕಲಾಗಿ ಕಾಣುತ್ತಾನೆ. ನಡುವಿನಲ್ಲಿ ಈ ತೊಂದರೆ ಇಲ್ಲ.

ಮಗನಿಗೆ ಇನ್ನೊಂದು ಫೋಟೋ ತೆಗೆಸುವ ಅವಕಾಶವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿನಿಮಾದ ಗ್ರಾಫಿಕ್ಸ್ ಕೆಲಸದವರು ಅನುಸರಿಸುವುದೂ ಈ ದಾರಿಯನ್ನೇ. ಹಿನ್ನೆಲೆಯ ಶಾಟ್ ತೆಗೆಯುವಾಗ ಲೆನ್ಸ್, ಕ್ಯಾಮೆರಾ ಎತ್ತರ, ಬಾಗಿದ ಕೋನ, ನಟ ನಿಲ್ಲಬೇಕಾದ ದೂರ ಎಲ್ಲವನ್ನೂ ಬರೆದಿಟ್ಟುಕೊಂಡು, ಹಸಿರು ಪರದೆಯ ಮುಂದೆ ಅದೇ ಅಳತೆಯಲ್ಲಿ ನಟನನ್ನು ಚಿತ್ರಿಸುತ್ತಾರೆ. ಸ್ಟುಡಿಯೋದವರು ಮಗನಿಗೆ ಕಳಿಸಬೇಕಾದ ಸಂದೇಶ ಇಷ್ಟೇ: “ಸರ್, ಹೊರಗೆ ಬಯಲಿನಲ್ಲಿ ನಿಲ್ಲಿ. ತೆಗೆಯುವವರು ನಿಮ್ಮಿಂದ ಏಳು ಮೀಟರ್, ಅಂದರೆ ಸುಮಾರು ಹತ್ತು ದೊಡ್ಡ ಹೆಜ್ಜೆ ದೂರ ಹೋಗಲಿ. ಫೋನ್ ನಿಮ್ಮ ಭುಜದ ಮಟ್ಟಕ್ಕಿರಲಿ, ಬಗ್ಗಿಸುವುದು ಬೇಡ. ಝೂಮ್ ಲೆನ್ಸ್ ಇದ್ದರೆ ಅದನ್ನು ಬಳಸಿ. ಡಾಕ್ಯುಮೆಂಟ್ ಆಗಿ ಕಳಿಸಿ.”

ಝೂಮ್ ಲೆನ್ಸ್ ಕೇಳುವುದು ಪರ್ಸ್‌ಪೆಕ್ಟಿವ್‌ಗಾಗಿ ಅಲ್ಲ, ಸ್ಪಷ್ಟತೆಗಾಗಿ. 12 ಮೆಗಾಪಿಕ್ಸೆಲ್ ಫೋನಿನ ಮಾಮೂಲಿ ಲೆನ್ಸ್‌ನಲ್ಲಿ ಏಳು ಮೀಟರ್ ದೂರದ ಮಗ ಹೆಚ್ಚೆಂದರೆ 750 ಪಿಕ್ಸೆಲ್ ಎತ್ತರಕ್ಕೆ ಬರುತ್ತಾನೆ. ನಮಗೆ ಬೇಕಾದದ್ದು 2000. ಮೂರು ಪಟ್ಟು ಹತ್ತಿರ ತರುವ ಪ್ರತ್ಯೇಕ ಲೆನ್ಸ್ ಫೋನಿನಲ್ಲಿದ್ದರೆ ಅಷ್ಟೂ ಸಿಗುತ್ತದೆ. ಇಲ್ಲದಿದ್ದರೆ ರಾಜಿ ಮಾಡಿಕೊಂಡು ನಾಲ್ಕು ಮೀಟರ್‌ಗೆ ಹತ್ತಿರ ಬರಬೇಕು. ಆಗ 1300 ಪಿಕ್ಸೆಲ್ ಸಿಗುತ್ತದೆ, ಪಾದವನ್ನು ನೋಡುವ ಕೋನ 11ರಿಂದ 19 ಡಿಗ್ರಿಗೆ ಏರುತ್ತದೆ. ಕೆಲವರು ಹತ್ತಿರ ಬಂದಾಗ ಫೋನನ್ನೂ ತಗ್ಗಿಸಿದರಾಯಿತು ಎನ್ನುತ್ತಾರೆ. ನಾಲ್ಕು ಮೀಟರ್‌ನಿಂದ ಪಾದವನ್ನು 11 ಡಿಗ್ರಿಯಲ್ಲಿ ನೋಡಬೇಕೆಂದರೆ ಫೋನ್ 80 ಸೆಂಟಿಮೀಟರ್ ಎತ್ತರಕ್ಕೆ, ಸೊಂಟಕ್ಕಿಂತ ಕೆಳಗೆ ಇಳಿಯಬೇಕು. ಪಾದವೇನೋ ಸರಿಹೋಗುತ್ತದೆ, ಆದರೆ ಆ ಎತ್ತರದಿಂದ ಗದ್ದದ ಅಡಿ ಮತ್ತು ಮೂಗಿನ ಹೊಳ್ಳೆ ಕಾಣತೊಡಗುತ್ತವೆ. ಪಾದ ಮುಖ ಎರಡೂ ಒಟ್ಟಿಗೆ ಹೊಂದಬೇಕಾದರೆ ದೂರವೂ ಎತ್ತರವೂ ಎರಡೂ ಹೊಂದಬೇಕು. ಒಂದನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವಿದ್ದರೆ ಮುಖವನ್ನು ಉಳಿಸಿಕೊಂಡು ಪಾದವನ್ನು ಕುರ್ಚಿಯ ಹಿಂದೆ ಕಳಿಸುವುದು ಮೇಲು.

ಮತ್ತೆ ಫೋಟೋ ತೆಗೆಸಲು ಆಗದವರೂ ಇದ್ದಾರೆ. ತೀರಿಹೋದ ತಂದೆಯನ್ನು ಮಗಳ ಮದುವೆಯ ಫೋಟೋದಲ್ಲಿ ನಿಲ್ಲಿಸಿಕೊಡಿ ಎಂದು ಪಾಸ್‌ಪೋರ್ಟ್ ಅಳತೆಯ ಹಳೆಯ ಫೋಟೋ ಹಿಡಿದು ಬರುತ್ತಾರೆ. ಅವರ ಪಾಲಿಗೆ ಇದು ಬಹಳ ದೊಡ್ಡ ಸಂಗತಿ. ಆ ಫೋಟೋದಲ್ಲಿ ಕಾಲಿಲ್ಲ, ನೆಲವಿಲ್ಲ, ಗೆರೆ ಎಳೆಯಲು ಗೋಡೆಯೂ ಇಲ್ಲ. ಆದರೂ ಅದು ಕೆಲಸಕ್ಕೆ ಬರುವ ಫೋಟೋ. ಊರಿನ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕ್ಯಾಮೆರಾವನ್ನು ಮುಖದ ಮಟ್ಟಕ್ಕೆ ಇಟ್ಟು, ತಕ್ಕಷ್ಟು ಹಿಂದೆ ಸರಿದು ತೆಗೆದದ್ದು ಅದು. ಕ್ಯಾಮೆರಾ ಯಾವ ಮಟ್ಟದಲ್ಲಿತ್ತು ಎಂದು ಕಿವಿ ನೋಡಿ ಪರೀಕ್ಷಿಸಬಹುದು. ಕಿವಿಯ ಮೇಲ್ತುದಿ ಹುಬ್ಬಿನ ಆಸುಪಾಸಿನಲ್ಲಿದ್ದರೆ ನೋಟ ಸಮಮಟ್ಟದ್ದು. ಕಿವಿ ಅದಕ್ಕಿಂತ ಮೇಲೇರಿದ್ದರೆ ಕ್ಯಾಮೆರಾ ಮೇಲಿತ್ತು ಇಲ್ಲವೇ ಅವರು ತಲೆ ತಗ್ಗಿಸಿದ್ದರು, ಕೆಳಗಿಳಿದಿದ್ದರೆ ಅದರ ತಿರುಗುಮುರುಗು.

ಅಳತೆಗೆ ಇಲ್ಲಿ ಕಣ್ಣುಗಳೇ ಆಧಾರ. ಬೆಳೆದವರಲ್ಲಿ ಒಂದು ಕಣ್ಣಿನ ಪಾಪೆಯಿಂದ ಇನ್ನೊಂದಕ್ಕೆ ಸರಾಸರಿ 63 ಮಿಲಿಮೀಟರ್ ಅಂತರ. ಮನುಷ್ಯರಿಂದ ಮನುಷ್ಯರಿಗೆ ಅದು ಕೆಲವು ಮಿಲಿಮೀಟರ್ ಆಚೀಚೆ ಆಗುತ್ತದೆ, ಆದರೂ ಕೂದಲು ಉದುರಿದ ಹಣೆಗಿಂತ, ಮಾಂಸ ತುಂಬಿದ ಕೆನ್ನೆಗಿಂತ ನಂಬಿಕೆಗೆ ಯೋಗ್ಯ. ಯಾವ ಸಾಲಿನಲ್ಲಿ ತಂದೆಯನ್ನು ನಿಲ್ಲಿಸುತ್ತೇವೋ ಅದೇ ಸಾಲಿನಲ್ಲಿ ಕ್ಯಾಮೆರಾಕ್ಕೆ ನೇರ ಮುಖ ಮಾಡಿ ನಿಂತ ಗಂಡಸೊಬ್ಬರ ಕಣ್ಣುಗಳ ಅಂತರವನ್ನು ಅಳೆದು, ತಂದೆಯದ್ದನ್ನು ಅಷ್ಟಕ್ಕೆ ತರಬೇಕು. ಅವರ ಅಣ್ಣತಮ್ಮಂದಿರು ಯಾರಾದರೂ ಆ ಸಾಲಿನಲ್ಲಿದ್ದರೆ ಮೊದಲು ಅವರನ್ನೇ ಅಳೆಯುವುದು ಒಳ್ಳೆಯದು. ಎತ್ತರವನ್ನು ಮನೆಯವರನ್ನು ಕೇಳಿ, ದಿಗಂತದ ಲೆಕ್ಕದಿಂದ ಕೂರಿಸಬೇಕು. ತಾಯಿ “ಅವರು ನನ್ನ ತಮ್ಮನಿಗಿಂತ ಒಂದು ಹಿಡಿ ಎತ್ತರ” ಎಂದರೂ ಸಾಕು, ತಮ್ಮ ಅದೇ ಫೋಟೋದಲ್ಲಿ ನಿಂತಿದ್ದಾನೆ. ಒಂದು ಹಿಡಿ ಎಂದರೆ ಹತ್ತು ಸೆಂಟಿಮೀಟರ್ ಹಿಡಿಯಿರಿ. ನಮ್ಮ ಅಂಗಳದ ಹಿಂದಿನ ಸಾಲಿನಲ್ಲಿ ಅದು ಸುಮಾರು 115 ಪಿಕ್ಸೆಲ್. ತಮ್ಮನ ನೆತ್ತಿಯಿಂದ ಅಷ್ಟು ಮೇಲೆ ತಂದೆಯ ನೆತ್ತಿ ಬರಬೇಕು.